ಬೂಟು ಬದಲಾಗಲಿ, ಜೀನ್ಸ್ ಹಾಗೆಯೇ ಇರಲಿ

ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಕ್ಯಾಟಲಾಗ್ ಫೋಟೋ ತೆಗೆದುಕೊಡುವುದು ನನ್ನ ಹೊಟ್ಟೆಪಾಡು. ಒಂದು ಜನವರಿಯಲ್ಲಿ ಘಟಕವೊಂದರ ಮಾಳಿಗೆಯ ಮೇಲೆ ಬೆಳಗಿನ ಬಿಸಿಲಿನಲ್ಲಿ ಚಿತ್ರೀಕರಣ ಮುಗಿಸಿ ಬಂದಿದ್ದೆ. ಮರುದಿನ ಸಂಜೆ ಮಾಲೀಕರಿಂದ ಫೋನು: "ಪ್ಯಾಂಟ್ ಚೆನ್ನಾಗಿ ಬಂದಿದೆ, ಆದರೆ ಆ ಬಿಳಿ ಷೂ ಬೇಡವಂತೆ. ಕಂದು ಬಣ್ಣದ ಲೇಸಿನ ಬೂಟು ಹಾಕಿದ ಹಾಗೆ ಮಾಡಿಕೊಡಿ." ಮಾಡೆಲ್ ಹುಡುಗ ಅಷ್ಟರಲ್ಲಿ ಊರಿಗೆ ಹೋಗಿದ್ದ, ಮಾದರಿ ಜೀನ್ಸ್ ಖರೀದಿದಾರರ ಕಡೆಗೆ ಪಾರ್ಸೆಲ್ ಆಗಿತ್ತು. ಉಳಿದದ್ದು ಕಂಪ್ಯೂಟರ್ ಮುಂದೆ ಕೂರುವ ದಾರಿಯೊಂದೇ.

ಇಂಥ ಕೆಲಸ ಬಂದಾಗ ಹೊಸಬರು ಮೊದಲು ಮಾಡುವುದು ಅಂತರ್ಜಾಲದಿಂದ ಒಂದು ಬೂಟಿನ ಚಿತ್ರ ಇಳಿಸಿಕೊಂಡು ಹಳೆಯ ಷೂ ಮೇಲೆ ಅಂಟಿಸುವುದು. ನೋಡಿದವರಿಗೆ ಏನೋ ತಪ್ಪಿದೆ ಎನಿಸುತ್ತದೆ, ಏನು ಎಂದು ಹೇಳಲಾಗುವುದಿಲ್ಲ. ತಪ್ಪು ಬೂಟಿನಲ್ಲಿ ಇರುವುದು ಕಡಿಮೆ. ಅದು ಬೂಟು ಬೇರೆಯದಕ್ಕೆ ತಾಗುವ ಮೂರು ಜಾಗಗಳಲ್ಲಿರುತ್ತದೆ: ಮೇಲೆ ಪ್ಯಾಂಟಿನ ಕೆಳಮಡಿಕೆ, ನಡುವೆ ಕಾಲುಚೀಲ, ಕೆಳಗೆ ನೆಲ. ಇದರ ಜೊತೆಗೆ ಕೆಳಮಡಿಕೆಯನ್ನು ಮುಟ್ಟುವ ಹಾಗೂ ಇಲ್ಲ, ಏಕೆಂದರೆ ಮಾರಾಟಕ್ಕಿರುವ ಸರಕು ಅದೇ. ಅದರ ಉದ್ದ, ಹೊಲಿಗೆ, ಮಾಸಿದ ಬಣ್ಣ ಇವುಗಳಲ್ಲಿ ಒಂದು ಕೂದಲಷ್ಟು ಬದಲಾದರೂ ನಾವು ಗಿರಾಕಿಗೆ ಇಲ್ಲದ ಪ್ಯಾಂಟನ್ನು ತೋರಿಸಿದಂತೆ.

ಹಾಗಾಗಿ ನನ್ನ ವಿಧಾನ ಇದು: ಬೂಟನ್ನು ಒಂಟಿಯಾಗಿ ತರಬೇಡಿ, ಒಳಗೆ ಕಾಲು ಮತ್ತು ಕಾಲುಚೀಲದ ಸಮೇತ ತನ್ನಿ. ಆಗ ಬೂಟಿಗೂ ಕಾಲುಚೀಲಕ್ಕೂ ನಡುವಿನ ಬೆಸುಗೆ ನಿಜವಾದದ್ದೇ ಆಗಿರುತ್ತದೆ. ನೀವು ಕೈಯಿಂದ ಕೂಡಿಸಬೇಕಾದ ಗೆರೆ ಕೆಳಮಡಿಕೆಯ ಅಡಿಯಲ್ಲಿ, ಹೇಗೂ ಕತ್ತಲಿರುವ ಜಾಗದಲ್ಲಿ ಬೀಳುತ್ತದೆ. ನೆಲದ ನೆರಳನ್ನು ಮಾತ್ರ ಬೇರೆಯಾಗಿ ಕಟ್ಟಬೇಕು.

ಯಾವ ಬೂಟು ಒಪ್ಪುತ್ತದೆ

ಹಳೆಯ ಷೂ ಮತ್ತು ಹೊಸ ಬೂಟು ಎರಡನ್ನೂ ಪಕ್ಕಪಕ್ಕ ಇಟ್ಟು ಎರಡು ಅಳತೆ ತೆಗೆದುಕೊಳ್ಳಿ. ಒಂದು, ಹಿಮ್ಮಡಿಯ ಕೆಳಗಿನ ಅಟ್ಟೆಯ ದಪ್ಪ. ಇನ್ನೊಂದು, ಲೇಸಿನ ಮೇಲ್ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಚಿತ್ರದಲ್ಲಿ ಮನುಷ್ಯನ ಎತ್ತರ ಆಗಲೇ ನಿಗದಿಯಾಗಿಬಿಟ್ಟಿದೆ, ನೆಲವೂ ಅಲ್ಲೇ ಇದೆ. ಹೊಸ ಅಟ್ಟೆ ತೆಳ್ಳಗಿದ್ದರೆ ಪಾದ ಕೆಳಗಿಳಿಯಬೇಕು, ಆದರೆ ಮೊಣಕಾಲು ಇಳಿಯುವುದಿಲ್ಲ. ನಮ್ಮ ಪ್ರಕರಣದಲ್ಲಿ ಬಿಳಿ ಷೂ ಅಟ್ಟೆ ಹಿಮ್ಮಡಿಯಲ್ಲಿ 3 ಸೆಂಟಿಮೀಟರ್, ಚರ್ಮದ ಬೂಟಿನದು ಎರಡೂವರೆ. ಅರ್ಧ ಸೆಂಟಿಮೀಟರ್ ವ್ಯತ್ಯಾಸವನ್ನು ಕಾಲುಚೀಲ ನುಂಗಿಕೊಳ್ಳುತ್ತದೆ.

ಎರಡನೆಯ ಅಳತೆಯೇ ತೊಂದರೆ ಕೊಟ್ಟದ್ದು. ಆಟದ ಷೂಗಳ ನಾಲಗೆಯೊಳಗೆ ಸ್ಪಂಜು ಇರುತ್ತದೆ. ಜೀನ್ಸ್‌ನ ಮುಂಭಾಗ ಆ ಉಬ್ಬಿನ ಮೇಲೆ ಒರಗಿ ಎರಡು ಮೂರು ಮಡಿಕೆಯಾಗಿ ಕೂತಿರುತ್ತದೆ. ಚರ್ಮದ ಬೂಟಿನ ನಾಲಗೆ ತೆಳ್ಳಗೆ, ಸುಮಾರು ಒಂದೂವರೆ ಸೆಂಟಿಮೀಟರ್ ತಗ್ಗು. ಉಬ್ಬು ಹೋಗಿ ಮಡಿಕೆ ಮಾತ್ರ ಉಳಿದರೆ ಪ್ಯಾಂಟು ಗಾಳಿಯಲ್ಲಿ ತೇಲುತ್ತದೆ. ಇಲ್ಲಿ ಮಡಿಕೆಯನ್ನು `Warp` ಉಪಕರಣದಿಂದ ಕೆಳಕ್ಕೆ ಎಳೆಯುವ ಆಸೆ ಹುಟ್ಟುತ್ತದೆ. ಎಳೆದರೆ ಪ್ಯಾಂಟಿನ ಉದ್ದ ಬದಲಾಗುತ್ತದೆ, ಹೊಲಿಗೆಯ ಗಂಟುಗಳು ಹಿಗ್ಗುತ್ತವೆ. ನಾನು ಮಾಡಿದ್ದು ಹಳ್ಳಿ ಉಪಾಯ: ಚಿತ್ರ ತೆಗೆಯುವ ಮೊದಲೇ ಬೂಟಿನ ನಾಲಗೆಯನ್ನು ಮೇಲಕ್ಕೆ ಎಳೆದು, ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಕರವಸ್ತ್ರ ತುರುಕಿ ಲೇಸು ಬಿಗಿದೆ. ಒಂದು ಸೆಂಟಿಮೀಟರ್ ಎತ್ತರ ಹಾಗೆಯೇ ಸಿಕ್ಕಿತು. ಪರದೆಯ ಮುಂದೆ ಅರ್ಧ ದಿನದ ಕೆಲಸ ಉಳಿತಾಯವಾಯಿತು.

ಕಾಲಿನ ಚಿತ್ರ ತೆಗೆಯುವುದು

ನನ್ನ ಸಹಾಯಕ ಹುಡುಗನ ಕಾಲು 8ನೇ ನಂಬರು, ಮಾಡೆಲ್‌ನದೂ ಅದೇ. ಅವನಿಗೇ ಬೂಟು ತೊಡಿಸಿ ಅದೇ ಮಾಳಿಗೆಯ ಮೇಲೆ ನಿಲ್ಲಿಸಿದೆ. ಖಾಲಿ ಬೂಟು ಎಂದೂ ಬೇಡ. ಒಳಗೆ ಕಾಲಿಲ್ಲದಿದ್ದರೆ ಅದರ ಬಾಯಿ ತೆರೆದುಕೊಂಡಿರುತ್ತದೆ, ಬೆರಳುಗಳ ಹಿಂದಿನ ಚರ್ಮದಲ್ಲಿ ಭಾರಕ್ಕೆ ಬೀಳುವ ಸುಕ್ಕು ಇರುವುದಿಲ್ಲ. ಕಣ್ಣಿಗೆ ಅದು ಅಂಗಡಿಯ ಕಪಾಟಿನ ಬೂಟಾಗಿಯೇ ಕಾಣುತ್ತದೆ. ಭಾರ ಯಾವ ಕಾಲಿನ ಮೇಲಿತ್ತು ಎಂಬುದನ್ನೂ ಮೂಲಚಿತ್ರದಲ್ಲಿ ನೋಡಿ, ಅದೇ ಕಾಲಿನ ಮೇಲೆ ಭಾರ ಹಾಕಿಸಿ.

ಕ್ಯಾಮೆರಾ ಮೂಲಚಿತ್ರದಲ್ಲಿ ಎಲ್ಲಿತ್ತೋ ಅಲ್ಲೇ ಇರಬೇಕು. ಮೊದಲ ದಿನ ನಾನು 4 ಮೀಟರ್ ದೂರದಲ್ಲಿ, ನೆಲದಿಂದ 1 ಮೀಟರ್ ಎತ್ತರದಲ್ಲಿ ಇಟ್ಟಿದ್ದೆ. ಆ ಲೆಕ್ಕದಲ್ಲಿ ಕ್ಯಾಮೆರಾ ಪಾದವನ್ನು ಸುಮಾರು 14 ಡಿಗ್ರಿ ಮೇಲಿನಿಂದ ನೋಡುತ್ತದೆ. ಬೂಟು ಚೆನ್ನಾಗಿ ಕಾಣಲಿ ಎಂದು ಹತ್ತಿರ ಹೋಗಿ ಬಗ್ಗಿ ತೆಗೆದರೆ ಕೋನ 45 ದಾಟುತ್ತದೆ. ಲೇಸಿನ ಸಾಲು ಪೂರ್ತಿ ಕಾಣುತ್ತದೆ, ಅಟ್ಟೆಯ ಅಂಚು ಮರೆಯಾಗುತ್ತದೆ. ಅಂಥ ಬೂಟನ್ನು ಎಷ್ಟು ತಿರುಚಿದರೂ ನೆಲದ ಮೇಲೆ ಕೂರುವುದಿಲ್ಲ. ಅದೇ ಲೆನ್ಸ್, ಅದೇ ದೂರ, ಅದೇ ಎತ್ತರ ಇದ್ದರೆ ಹೊಸ ಕಾಲನ್ನು ಹಿಗ್ಗಿಸುವ ಕುಗ್ಗಿಸುವ ಅಗತ್ಯವೇ ಬರುವುದಿಲ್ಲ. ನೂರಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಹಿಗ್ಗಿಸಬೇಕಾಗಿ ಬಂದರೆ ಎಲ್ಲೋ ಅಳತೆ ತಪ್ಪಿದ್ದೀರಿ, ಹೋಗಿ ಮತ್ತೆ ತೆಗೆಯುವುದೇ ಲೇಸು.

ಬಿಸಿಲಿನ ವಿಷಯ ಸರಳ: ಮೂಲಚಿತ್ರದ ಕಡತದಲ್ಲಿ ತೆಗೆದ ಸಮಯ ದಾಖಲಾಗಿರುತ್ತದೆ. ಕೆಲವು ದಿನಗಳೊಳಗೆ ಅದೇ ಗಂಟೆ ನಿಮಿಷಕ್ಕೆ ನಿಲ್ಲಿಸಿದರೆ ನೆರಳಿನ ದಿಕ್ಕೂ ಉದ್ದವೂ ಕೂಡುತ್ತವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹತ್ತು ನಿಮಿಷ ಆಚೀಚೆ ಆದರೆ ಬೆಳಗಿನ ಹೊತ್ತಿನಲ್ಲಿ ಯಾರಿಗೂ ತಿಳಿಯದು. ಮಧ್ಯಾಹ್ನದ ಮಾತು ಬೇರೆ. ನಮ್ಮೂರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ ಮಧ್ಯಾಹ್ನದ ಕೆಲವೇ ನಿಮಿಷಗಳಲ್ಲಿ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಮಗುಚಿಕೊಳ್ಳುತ್ತದೆ, ಹೊಂದಿಸುವುದು ಆಗದ ಮಾತು. ಸಮಯ ಗೊತ್ತಿಲ್ಲದಿದ್ದರೆ ನೆಲದ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ, ಅದರ ನೆರಳು ಚಿತ್ರದಲ್ಲಿರುವ ಕಾಲಿನ ನೆರಳಿನಷ್ಟೇ ಓರೆಯಾಗಿ, ಅದೇ ಪ್ರಮಾಣದ ಉದ್ದಕ್ಕೆ ಬರುವವರೆಗೆ ಕಾಯಿರಿ.

ಒಂದೇ ಜಾಗದಲ್ಲಿ ಮೂರು ಚಿತ್ರ ತೆಗೆಯಬೇಕು. ಮೊದಲನೆಯದು, ಹುಡುಗ ಜೀನ್ಸ್ ಅನ್ನು ಮೊಣಕಾಲಿನವರೆಗೆ ಸುತ್ತಿಕೊಂಡು ನಿಂತದ್ದು. ಬೂಟು, ಕಾಲುಚೀಲ ಪೂರ್ತಿ ಸಿಗುತ್ತವೆ. ಎರಡನೆಯದು, ಪಾದ ಕದಲಿಸದೆ ಪ್ಯಾಂಟನ್ನು ಇಳಿಬಿಟ್ಟದ್ದು. ಇದು ಅಂಟಿಸುವುದಕ್ಕಲ್ಲ, ನೋಡಿಕೊಳ್ಳುವುದಕ್ಕೆ: ಕೆಳಮಡಿಕೆಯ ನೆರಳು ಬೂಟಿನ ಮೇಲೆ ಎಲ್ಲಿ ಬೀಳುತ್ತದೆ, ಎಷ್ಟು ಕಪ್ಪಾಗಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೂರನೆಯದು, ಯಾರೂ ಇಲ್ಲದ ಬರಿ ನೆಲ. ಆಟದ ಷೂ ದಪ್ಪ, ಚರ್ಮದ ಬೂಟು ಸಣಕಲು, ಆದ್ದರಿಂದ ಹಳೆಯದನ್ನು ತೆಗೆದ ಮೇಲೆ ಸುತ್ತಲೂ ಖಾಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಈ ಬರಿ ನೆಲ ಬರುತ್ತದೆ.

ಪದರಗಳ ಸಾಲು

ನಾನು ಫೋಟೋಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಕೆಳಗಿನಿಂದ ಮೇಲಕ್ಕೆ ಪದರಗಳು ಹೀಗೆ ಕೂರುತ್ತವೆ: ಮೂಲಚಿತ್ರ, ಅದರ ಮೇಲೆ ಪಾದದ ಸುತ್ತ ಮಾತ್ರ ಬರಿ ನೆಲ, ನಂತರ ನೆಲದ ನೆರಳು, ನಂತರ ಹೊಸ ಕಾಲು, ಎಲ್ಲಕ್ಕಿಂತ ಮೇಲೆ ಮೂಲಚಿತ್ರದಿಂದಲೇ ಕತ್ತರಿಸಿದ ಪ್ಯಾಂಟಿನ ಕೆಳಭಾಗ. ಬೂಟಿನ ಮೇಲೆ ಬೀಳುವ ನೆರಳು ಹೊಸ ಕಾಲಿನ ಪದರಕ್ಕೆ `Create Clipping Mask` ಮೂಲಕ ಕಟ್ಟಿಕೊಂಡಿರುತ್ತದೆ.

ಪ್ಯಾಂಟನ್ನು ಕತ್ತರಿಸುವ ಕೆಲಸಕ್ಕೆ ಪೆನ್ ಉಪಕರಣವೇ ಬೇಕು, ತಾನಾಗಿ ಆರಿಸುವ ಉಪಕರಣಗಳು ಬಿಳಿ ಷೂ ಮತ್ತು ಮಾಸಿದ ಅಂಚಿನ ನಡುವೆ ಎಡವುತ್ತವೆ. ಜೀನ್ಸ್ ಬಟ್ಟೆಯ ಉದ್ದನೂಲಿಗೆ ಮಾತ್ರ ನೀಲಿ ಹಾಕಿರುತ್ತಾರೆ, ಅಡ್ಡನೂಲು ಬಿಳಿಯಾಗಿಯೇ ಇರುತ್ತದೆ. ಅದರಿಂದಲೇ ಬಟ್ಟೆಯ ಒಳಮೈ ಬೆಳ್ಳಗೆ, ಕೆಳಮಡಿಕೆಯ ಸವೆದ ತುದಿಯೂ ಬೆಳ್ಳಗೆ. ಬಿಳಿ ಷೂ ಪಕ್ಕದಲ್ಲಿ ಈ ತುದಿ ಎಲ್ಲಿ ಮುಗಿಯುತ್ತದೆ ಎಂದು ಕಾಣಲು ಚಿತ್ರವನ್ನು ಎರಡು ಮೂರು ಪಟ್ಟು ಹಿಗ್ಗಿಸಿ ನೋಡಬೇಕು. ನನ್ನ ಚಿತ್ರದಲ್ಲಿ ಮನುಷ್ಯ ಸುಮಾರು 5200 ಪಿಕ್ಸೆಲ್ ಎತ್ತರವಿದ್ದ, ಅಂದರೆ ಒಂದು ಸೆಂಟಿಮೀಟರಿಗೆ 30 ಪಿಕ್ಸೆಲ್. ಈ ಒಂದು ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ. ಗೆರೆಯನ್ನು ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ ಎಳೆದು, ಅರ್ಧ ಪಿಕ್ಸೆಲ್ ಮೆದುಗೊಳಿಸಿದರೆ ಹಳೆಯ ಷೂ ಬಿಳಿ ಉಳಿಯುವುದಿಲ್ಲ.

ಗೆರೆ ಉಳಿಯದಿದ್ದರೂ ಬಿಳಿಯ ಬೆಳಕು ಉಳಿಯುತ್ತದೆ. ಬಿಸಿಲಿನಲ್ಲಿರುವ ಬಿಳಿ ಷೂ ಒಂದು ಚಿಕ್ಕ ಕನ್ನಡಿಯ ಹಾಗೆ. ಅದು ಕೆಳಮಡಿಕೆಯ ಕೊನೆಯ ಒಂದೂವರೆ ಸೆಂಟಿಮೀಟರಿಗೆ ಕೆಳಗಿನಿಂದ ಬೆಳಕು ಎರಚಿರುತ್ತದೆ. ಕಂದು ಬೂಟು ಅಷ್ಟು ಬೆಳಕನ್ನು ಹಿಂತಿರುಗಿಸುವುದಿಲ್ಲ. ಅಂಟಿಸಿದ ಬೂಟು ಅಂಟಿಸಿದಂತೆಯೇ ಕಾಣಲು ಅರ್ಧ ಕಾರಣ ಇದು. ಪ್ಯಾಂಟಿನ ಪದರಕ್ಕೆ ಒಂದು `Curves` ಕಟ್ಟಿ ಸ್ವಲ್ಪ ಇಳಿಸಿ, ಅದರ ಮಾಸ್ಕ್‌ನಲ್ಲಿ ಕೆಳಗಿನ 40–45 ಪಿಕ್ಸೆಲ್ ಮಾತ್ರ ಮೇಲಕ್ಕೆ ಹೋಗುತ್ತಾ ಕರಗುವಂತೆ ಬಳಿಯಿರಿ. ಹೊಲಿಗೆಯ ನೂಲು ಇನ್ನೂ ಎಣಿಸುವಷ್ಟು ಸ್ಪಷ್ಟವಾಗಿರಬೇಕು. ಅದು ಮಸುಕಾದರೆ ಜಾಸ್ತಿ ಮಾಡಿದ್ದೀರಿ.

ಕಾಲುಚೀಲ

ಮೂಲಚಿತ್ರದಲ್ಲಿ ಬಿಳಿ ಕಾಲುಚೀಲವಿತ್ತು, ಅದನ್ನು ಬಣ್ಣ ಬದಲಿಸಿ ಉಳಿಸಿಕೊಳ್ಳಲು ಹೋಗಬೇಡಿ. ಬಿಳಿಯನ್ನು ಗಾಢ ಬೂದು ಮಾಡಿದರೆ ಹೆಣಿಗೆಯ ಗೀರುಗಳು ಸತ್ತು ರಬ್ಬರಿನ ಹಾಗೆ ಕಾಣುತ್ತದೆ. ಹೊಸ ಕಾಲಿನ ಜೊತೆ ಬಂದ ಗಾಢ ಕಾಲುಚೀಲವೇ ಸಾಕು. ಕೆಳಮಡಿಕೆಯ ಅಡಿಯಲ್ಲಿ ಅದನ್ನು ಎರಡು ಸೆಂಟಿಮೀಟರ್ ಹೆಚ್ಚಾಗಿಯೇ ಉಳಿಸಿಕೊಳ್ಳಿ, ಪ್ಯಾಂಟಿನ ಪದರ ಮೇಲಿರುವುದರಿಂದ ಹೆಚ್ಚಿನದು ಮುಚ್ಚಿಹೋಗುತ್ತದೆ.

ಇಲ್ಲಿ ನೋಡಬೇಕಾದದ್ದು ಕತ್ತಲೆಯ ಇಳಿಜಾರು. ಮಡಿಕೆಯ ಬಾಯಿಯಲ್ಲಿ ಕಾಲುಚೀಲ ಅತಿ ಕಪ್ಪು, ಬೂಟಿನ ಕಡೆಗೆ ಬರುತ್ತಾ ತಿಳಿಯಾಗಬೇಕು. ಮೊದಲ ಚಿತ್ರದಲ್ಲಿ ಪ್ಯಾಂಟು ಮೇಲೆ ಸುತ್ತಿದ್ದರಿಂದ ಕಾಲುಚೀಲವೆಲ್ಲ ಬಿಸಿಲಿನಲ್ಲಿರುತ್ತದೆ. ಹಾಗೇ ಬಿಟ್ಟರೆ ಪ್ಯಾಂಟಿಗೆ ತೂಕವೇ ಇಲ್ಲದಂತಾಗುತ್ತದೆ. ಎರಡನೆಯ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅದರಲ್ಲಿರುವಷ್ಟೇ ನೆರಳು ತುಂಬಿ. ನೆರಳಿನ ಅಂಚು ನೇರ ಗೆರೆಯಲ್ಲ, ಅದು ಪಾದದ ದುಂಡನ್ನು ಬಳಸಿಕೊಂಡು ಬಾಗುತ್ತದೆ, ಲೇಸಿನ ಮೇಲೆ ಹಾದುಹೋಗುವಾಗ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತದೆ. ಮಡಿಕೆಯ ಹಿಂದಿನ ಒಳಮೈ ಇಣುಕುತ್ತಿದ್ದರೆ ಅದು ಬೆಳ್ಳಗಿರುವ ಬಟ್ಟೆ ಎಂಬುದು ನೆನಪಿರಲಿ: ನೆರಳಿನಲ್ಲಿ ಅದು ಬೂದು ಬಣ್ಣವಾಗುತ್ತದೆ, ಕಪ್ಪಾಗುವುದಿಲ್ಲ.

ನೆಲದ ನೆರಳು

ಇದಕ್ಕೆ ಸಮಯ ಕೊಡಿ. ಹಳೆಯ ನೆರಳನ್ನು ಪೂರ್ತಿ ಅಳಿಸಬೇಕಾಗಿಲ್ಲ. ಪ್ಯಾಂಟಿನ ನೆರಳು ಮೂಲಚಿತ್ರದ್ದೇ ಇರಲಿ, ಪಾದದ ನೆರಳನ್ನು ಮಾತ್ರ ತೆಗೆದು ಹೊಸದನ್ನು ಕಟ್ಟಿ ಅದಕ್ಕೆ ಜೋಡಿಸಬೇಕು. ಹೊಸ ಕಾಲಿನ ಚಿತ್ರದಲ್ಲಿ ನಿಜವಾದ ನೆರಳಿದೆಯಲ್ಲ, ಅದನ್ನೇ ಕತ್ತರಿಸಿ ತಂದರಾಗದೇ ಎಂದು ಕೇಳಬಹುದು. ಆಕಾರಕ್ಕೆ ಅದನ್ನೇ ನೋಡಿ ಬರೆಯಬೇಕು. ಆದರೆ ಮೊಣಕಾಲಿಗೆ ಸುತ್ತಿದ ಪ್ಯಾಂಟಿನಿಂದ ಬಿದ್ದ ನೆರಳು ಮೇಲೆ ಹೋದಂತೆ ಬೇರೆಯಾಗುತ್ತದೆ, ಎರಡು ದಿನಗಳ ಬಿಸಿಲಿನ ಬಣ್ಣವೂ ಒಂದೇ ಇರುವುದಿಲ್ಲ.

ಬಣ್ಣವನ್ನು ಊಹಿಸಬೇಡಿ, ಅಳೆಯಿರಿ. ಐಡ್ರಾಪರ್‌ಗೆ `5 by 5 Average` ಇಟ್ಟು, ಮೂಲಚಿತ್ರದಲ್ಲಿ ಬಿಸಿಲು ಬಿದ್ದ ಸಿಮೆಂಟನ್ನೂ ಪಕ್ಕದಲ್ಲೇ ಪ್ಯಾಂಟಿನ ನೆರಳಿನಲ್ಲಿರುವ ಸಿಮೆಂಟನ್ನೂ ಒಂದೊಂದು ಸಲ ಮುಟ್ಟಿ. ನನಗೆ ಸಿಕ್ಕ ಬೆಲೆಗಳು ಬಿಸಿಲಿನಲ್ಲಿ 196, 188, 176, ನೆರಳಿನಲ್ಲಿ 84, 86, 92. ನೆರಳಿನಲ್ಲಿ ಕೆಂಪು ಹೆಚ್ಚು ಕುಸಿದಿದೆ, ನೀಲಿ ಕಡಿಮೆ ಕುಸಿದಿದೆ, ಏಕೆಂದರೆ ಬಿಸಿಲು ತಡೆದರೂ ಆಕಾಶದ ನೀಲಿ ಬೆಳಕು ಅಲ್ಲಿಗೆ ತಲುಪುತ್ತಲೇ ಇರುತ್ತದೆ. ಬರಿ ಕಪ್ಪು ಬಳಿದ ನೆರಳು ಸುಟ್ಟ ಕಲೆಯ ಹಾಗೆ ಕಾಣುವುದು ಇದಕ್ಕೇ. ಬೇಕಾದ ಬಣ್ಣದ ಲೆಕ್ಕ:

```
ಬಣ್ಣ = ನೆರಳು ÷ ಬಿಸಿಲು × 255
R: 84 ÷ 196 × 255 = 109
G: 86 ÷ 188 × 255 = 117
B: 92 ÷ 176 × 255 = 133
```

109, 117, 133 ಬಣ್ಣದ ಒಂದು `Solid Color` ಪದರ ಮಾಡಿ, ಅದನ್ನು `Multiply` ಗೆ ಬದಲಿಸಿ, ಮಾಸ್ಕ್ ಅನ್ನು ಕಪ್ಪು ತುಂಬಿ, ನೆರಳು ಬೇಕಾದಲ್ಲಿ ಬಿಳಿ ಬಳಿಯಿರಿ. 8 ಬಿಟ್ ಚಿತ್ರದಲ್ಲಿ ಬಿಸಿಲಿನ ಸಿಮೆಂಟ್ ಸರಿಯಾಗಿ ಮೂಲ ನೆರಳಿನ ಬಣ್ಣಕ್ಕೇ ಇಳಿಯುತ್ತದೆ. ಒಂದು ಎಚ್ಚರ: ಈ ಪದರ ಹಳೆಯ ನೆರಳಿನ ಮೇಲೆ ಹತ್ತಬಾರದು. ಸೂರ್ಯ ಒಬ್ಬನೇ. ಒಂದು ನೆರಳಿನ ಮೇಲೆ ಇನ್ನೊಂದು ಬಿದ್ದರೆ ಅಲ್ಲಿ ಇಮ್ಮಡಿ ಕತ್ತಲಾಗುವುದಿಲ್ಲ. ಎರಡು ನೆರಳು ಕೂಡುವಲ್ಲಿ ಗಾಢ ಪಟ್ಟಿ ಕಂಡರೆ ಮಾಸ್ಕ್ ಹೆಚ್ಚು ಹರಡಿದೆ ಎಂದರ್ಥ.

ಅಂಚು ಎಷ್ಟು ಮೆದುವಾಗಿರಬೇಕು? ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲ. ಅದರಿಂದ ನೆರಳು ಬೀಳಿಸುವ ಅಂಚಿಗೂ ನೆಲಕ್ಕೂ 10 ಸೆಂಟಿಮೀಟರ್ ಅಂತರವಿದ್ದರೆ ಮಸುಕು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ 3 ಪಿಕ್ಸೆಲ್. ಬೂಟಿನ ನೆರಳು ಚೂಪಾಗಿಯೇ ಇರಬೇಕು, ಮೊಣಕಾಲಿನ ನೆರಳು ಅದಕ್ಕಿಂತ ಮೆದು. ಎಲ್ಲ ಕಡೆ ಒಂದೇ 20 ಪಿಕ್ಸೆಲ್ `Gaussian Blur` ಹೊಡೆದು ಮುಗಿಸಿದ ಕ್ಯಾಟಲಾಗುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ, ನೆರಳು ಮಾತ್ರ ಮೋಡದ ದಿನದ್ದು.

ಕೊನೆಗೆ ಅಟ್ಟೆ ನೆಲಕ್ಕೆ ತಾಗುವ ಗೆರೆ. ಅಲ್ಲಿ ಆಕಾಶದ ಬೆಳಕೂ ನುಸುಳದ ಕಾರಣ ಬಿದ್ದ ನೆರಳಿಗಿಂತ ಕಪ್ಪಾದ, ಎರಡು ಮೂರು ಪಿಕ್ಸೆಲ್ ದಪ್ಪದ ಗೆರೆ ಇರುತ್ತದೆ. ಆಟದ ಷೂಗೆ ಅದು ಹೆಚ್ಚುಕಡಿಮೆ ಒಂದೇ ಸಮ. ಚರ್ಮದ ಬೂಟಿಗೆ ಹಾಗಲ್ಲ. ಅದರ ಮೂತಿ ನೆಲದಿಂದ ಸ್ವಲ್ಪ ಮೇಲೆದ್ದಿರುತ್ತದೆ, ಹಿಮ್ಮಡಿಯ ತುಂಡಿಗೂ ಮುಂಭಾಗಕ್ಕೂ ನಡುವೆ ಕಮಾನಿನಂಥ ಸಂದು ಇರುತ್ತದೆ. ಆದ್ದರಿಂದ ಗೆರೆ ಮೂತಿಯಲ್ಲಿ ತೆಳುವಾಗಿ ಮಾಯವಾಗಬೇಕು, ಸಂದಿನಲ್ಲಿ ಕಡಿದುಹೋಗಬೇಕು. ಇಡೀ ಅಟ್ಟೆಯ ಸುತ್ತ ಕಪ್ಪು ಬಳಿದರೆ ಬೂಟು ಸಿಮೆಂಟಿನಲ್ಲಿ ಹೂತಂತೆ ಕಾಣುತ್ತದೆ.

ನಾನೇ ಮೊದಲ ಸಲ ಮರೆತದ್ದು ಇನ್ನೊಂದಿದೆ. ಬಿಸಿಲು ಎಡದಿಂದ ಬರುತ್ತಿತ್ತು, ಎಡಬದಿಯ ಕಾಲಿನ ನೆರಳು ನೆಲದ ಮೇಲೆ ಹರಿದು ಬಲಬದಿಯ ಷೂ ಮೇಲೆ ಹತ್ತಿತ್ತು. ಪ್ಯಾಂಟು ಮೇಲೆ ಸುತ್ತಿಕೊಂಡಿದ್ದ ಸಹಾಯಕ ಹುಡುಗನ ಸಣ್ಣ ಕಾಲಿನ ನೆರಳು ಅಷ್ಟು ಅಗಲವಿರಲಿಲ್ಲ. ಫಲ, ನೆಲದ ಮೇಲೆ ಅಗಲವಾಗಿ ಬಂದ ನೆರಳು ಬೂಟಿನ ಮೇಲೆ ಏರಿದ ಕೂಡಲೇ ಅರ್ಧಕ್ಕೆ ಸಣ್ಣದಾಯಿತು. ಹುಡುಗನೇ ಕೈಯಿಟ್ಟು ತೋರಿಸಿದ: "ಅಣ್ಣಾ, ಇಲ್ಲಿ ನೆರಳು ತುಂಡಾಗಿದೆ ನೋಡಿ." ಬೂಟಿನ ಪದರಕ್ಕೆ ಕಟ್ಟಿದ ನೆರಳನ್ನು ಅಗಲಿಸಬೇಕಾಯಿತು.

ಪರೀಕ್ಷೆ ಮತ್ತು ನಿರಾಕರಣೆ

ಮೇಲುಗಡೆ ಒಂದು ತಾತ್ಕಾಲಿಕ `Curves` ಪದರ ಹಾಕಿ, ಗೆರೆಯನ್ನು ತೀರಾ ಮೇಲಕ್ಕೆ ಎತ್ತಿ ನೋಡಿ. ನೆರಳುಗಳ ಒಳಗಿನ ಕಲೆ, ಮಾಸ್ಕ್ ತಪ್ಪಿದ ಜಾಗ, ಹಳೆಯ ಷೂ ಚೂರು ಎಲ್ಲ ಬೆಳಕಿಗೆ ಬರುತ್ತವೆ. ಆಮೇಲೆ ಚಿತ್ರವನ್ನು ಅಡ್ಡಕ್ಕೆ ಮಗುಚಿ ಮೊಬೈಲಿನಷ್ಟು ಚಿಕ್ಕದಾಗಿ ಮಾಡಿ ನೋಡಿ. ನಿಮ್ಮ ಕಣ್ಣು ಮೊದಲು ಬೂಟಿಗೆ ಹೋದರೆ ಬೂಟು ಬೇಕಾದ್ದಕ್ಕಿಂತ ಚೊಕ್ಕಟವಾಗಿದೆ. ನಮ್ಮ ಊರಿನ ಮಾಳಿಗೆಯಲ್ಲಿ ಹತ್ತು ಹೆಜ್ಜೆ ನಡೆದ ಬೂಟಿನ ಅಟ್ಟೆಗೆ ಕೆಂಪು ದೂಳು ಹತ್ತದೆ ಇರುವುದಿಲ್ಲ, ಅಂಚಿಗೆ ಅಷ್ಟು ಬಳಿಯಿರಿ. ಅದರಿಂದ ಪ್ಯಾಂಟಿಗೂ ಬೂಟಿಗೂ ಒಂದೇ ನೆಲದ ನಂಟು ಬರುತ್ತದೆ.

ಚಿತ್ರ ಕೊಟ್ಟ ವಾರದಲ್ಲೇ ಅದೇ ಮಾಲೀಕರು ಮತ್ತೆ ಫೋನು ಮಾಡಿ, ಇನ್ನೊಂದು ಚಿತ್ರಕ್ಕೆ ಕೊಲ್ಹಾಪುರಿ ಚಪ್ಪಲಿ ಬೇಕೆಂದರು. ಆ ಚಪ್ಪಲಿಯ ಅಟ್ಟೆ ಸುಮಾರು ಒಂದು ಸೆಂಟಿಮೀಟರ್, ಷೂ ಮೂರು. ಮನುಷ್ಯ ನೆಲದಿಂದ 60 ಪಿಕ್ಸೆಲ್ ಮೇಲೆ ನೇತಾಡುತ್ತಾನೆ. ಕಾಲುಚೀಲವಿಲ್ಲ, ಉಬ್ಬುನಾಲಗೆಯೂ ಇಲ್ಲ, ಮಡಿಕೆ ಒರಗಿದ್ದ ಜಾಗವೇ ಇರುವುದಿಲ್ಲ. ಅದನ್ನು ಮುಚ್ಚಲು ಪ್ಯಾಂಟನ್ನೇ ಉದ್ದ ಮಾಡಬೇಕಾಗುತ್ತದೆ. "ಅದು ಬೂಟು ಬದಲಿಸುವ ಕೆಲಸವಲ್ಲ, ಪ್ಯಾಂಟು ಬದಲಿಸುವ ಕೆಲಸ. ಮಾದರಿ ವಾಪಸು ತರಿಸಿ, ಹುಡುಗನನ್ನೂ ಕರೆಸಿ, ಮತ್ತೆ ತೆಗೆಯೋಣ" ಎಂದೆ. ಒಂದು ಬೆಳಿಗ್ಗೆಯ ಬಾಡಿಗೆ ಹೆಚ್ಚಾಯಿತೆಂದು ಗೊಣಗಿದರೂ ಮಾದರಿ ತರಿಸಿದರು.